ಹನುಮೇಶನಿಗೆ ಬಿದ್ದ ಮೂರು ಅಂಕ

ಹನುಮೇಶನ ಬಗ್ಗೆ ಹೇಳೋದಕ್ಕೆ ನನಗೆ ಯೋಗ್ಯತೆ ಇದೆಯೋ ಇಲ್ಲವೋ ಗೊತ್ತಿಲ್ಲ. ಆದರೆ ನಮ್ಮ ಆಫೀಸಿನಲ್ಲಿ ಬೇರೆ ಯಾರೂ ಅವನ ಹೆಸರು ಎತ್ತಲ್ಲ, ಅದಕ್ಕೇ ನಾನೇ ಹೇಳ್ತೀನಿ.

ನಾನು ಶೋಭಾರಾಣಿ. ಪೀಣ್ಯ ಎರಡನೇ ಹಂತದಲ್ಲಿ ನೀರಿನ ಫಿಲ್ಟರ್ ಕಂಪನಿಯೊಂದರ ಸರ್ವೀಸ್ ಆಫೀಸಿದೆ. ಅಲ್ಲಿ ನನ್ನದು ಫೋನ್ ಮಾಡೋ ಕೆಲಸ. ಟೆಕ್ನೀಷಿಯನ್ ಮನೆಗೆ ಹೋಗಿ ಫಿಲ್ಟರ್ ರಿಪೇರಿ ಮಾಡಿ ಬಂದ ಎರಡು ದಿನಕ್ಕೆ ಆ ಮನೆಗೆ ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಬೇಕು. 'ನಮ್ಮ ಕಂಪನಿಯನ್ನು ನಿಮ್ಮ ಬಂಧುಗಳಿಗೆ, ಸ್ನೇಹಿತರಿಗೆ ಶಿಫಾರಸು ಮಾಡುವ ಸಾಧ್ಯತೆ ಎಷ್ಟು? ಸೊನ್ನೆಯಿಂದ ಹತ್ತರೊಳಗೆ ಒಂದು ಸಂಖ್ಯೆ ಹೇಳಿ.' ಇದನ್ನ ದಿನಕ್ಕೆ ತೊಂಬತ್ತು ಸಲ ಹೇಳಿ ಹೇಳಿ, ಈಗ ನಿದ್ದೆಗಣ್ಣಲ್ಲಿ ಎಬ್ಬಿಸಿದರೂ ಹೇಳ್ತೀನಿ.

ಹನುಮೇಶ ಲಿಂಗಸುಗೂರು ಕಡೆಯವನು. ಮೂವತ್ತೊಂದು ವರ್ಷ, ಸಣ್ಣ ಆಳು, ಮಾತು ಕಡಿಮೆ. ಬಾಗಲಗುಂಟೆಯಲ್ಲಿ ಒಂದು ರೂಮು ಮಾಡಿಕೊಂಡಿದ್ದ. ಹೆಂಡತಿ ನೀಲಾಂಬಿಕಾ, ಐದು ವರ್ಷದ ಮಗಳು ಇಬ್ಬರೂ ಊರಲ್ಲೇ. ಕಂಟ್ರಾಕ್ಟ್ ಮೇಲೆ ನಾಲ್ಕು ವರ್ಷದಿಂದ ದುಡೀತಿದ್ದ. ಬೇರೆ ಟೆಕ್ನೀಷಿಯನ್‌ಗಳು ಫಿಲ್ಟರ್ ಬದಲಾಯಿಸಿ, ಸಹಿ ಹಾಕಿಸಿಕೊಂಡು, ಗಾಡಿ ಹತ್ತೋರು. ಇವನು ಮಾತ್ರ ಟ್ಯಾಂಕ್ ಹತ್ತಿ ನೋಡೋನು, ಪೈಪಿನ ಕೀಲು ಸೋರ್ತಿದ್ದರೆ ಅದನ್ನೂ ಬಿಗಿ ಮಾಡೋನು, ನೆಲ ಒರೆಸಿಕೊಟ್ಟು ಬರೋನು. ಒಂದು ಮನೆಯಲ್ಲಿ ಇಷ್ಟೊತ್ತು ಯಾಕೋ ಅಂತ ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೆ ಊಟ ಮಾಡ್ತಿದ್ವಿ. ಅವನ ಡಬ್ಬಿಯ ರೊಟ್ಟಿ ನನಗೆ, ನನ್ನ ಡಬ್ಬಿಯ ಚಿತ್ರಾನ್ನ ಅವನಿಗೆ. ನನ್ನನ್ನ ಅಕ್ಕಾರ ಅಂತ ಕರೀತಿದ್ದ, ಬಾಯಿಮಾತಿಗಲ್ಲ, ನಿಜವಾಗಿ.

ಈ ವರ್ಷ ಜನವರಿಯಲ್ಲಿ ಮ್ಯಾನೇಜರ್ ಶಶಿಕುಮಾರ್ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. ಮಾರ್ಚ್ ಕೊನೆಗೆ ಇಬ್ಬರನ್ನ ಪರ್ಮನೆಂಟ್ ಮಾಡ್ತಾರೆ. ಅದಕ್ಕೆ ಫೆಬ್ರವರಿ ತಿಂಗಳ ಎನ್‌ಪಿಎಸ್ ಐವತ್ತು ದಾಟಿರಬೇಕು. ಹನುಮೇಶ ನನ್ನ ಕಿವಿಯ ಹತ್ತಿರ ಬಂದು, ಎನ್‌ಪಿಎಸ್ ಅಂದ್ರ ಪಿಂಚಣಿ ಅಲ್ಲೇನ್ರಿ ಅಂತ ಕೇಳಿದ. ನಗು ತಡೆಯೋಕಾಗಲಿಲ್ಲ. ಆಮೇಲೆ ಊಟದ ಹೊತ್ತಲ್ಲಿ ಅವನಿಗೆ ಬಿಡಿಸಿ ಹೇಳಿದೆ.

ಒಂಬತ್ತು, ಹತ್ತು ಕೊಟ್ಟವರು ನಮ್ಮನ್ನ ಹೊಗಳಿಕೊಂಡು ತಿರುಗೋರು ಅಂತ ಲೆಕ್ಕ. ಸೊನ್ನೆಯಿಂದ ಆರರವರೆಗೆ ಕೊಟ್ಟವರು ನಮ್ಮನ್ನ ಬೈಕೊಂಡು ತಿರುಗೋರು. ಏಳು, ಎಂಟು ಕೊಟ್ಟವರು ಎಲ್ಲೂ ಇಲ್ಲ, ಇದ್ದೂ ಇಲ್ಲದ ಹಾಗೆ. ನೂರಕ್ಕೆ ಎಷ್ಟು ಜನ ಹೊಗಳೋರೋ ಅದರಲ್ಲಿ ನೂರಕ್ಕೆ ಎಷ್ಟು ಜನ ಬೈಯೋರೋ ಅಷ್ಟನ್ನ ಕಳೆದರೆ ಬರೋದೇ ಎನ್‌ಪಿಎಸ್. ಅವನು ರೊಟ್ಟಿ ಮುರಿಯೋದನ್ನ ನಿಲ್ಲಿಸಿ ಕೇಳಿಸಿಕೊಂಡ. ಎಂಟು ಕೊಟ್ಟರೆ ಏನೂ ಬರಲ್ವಾ ಅಂತ ಎರಡು ಸಲ ಕೇಳಿದ. ಅವನ ತಪ್ಪಲ್ಲ. ನಮ್ಮಲ್ಲಿ ನೂರಕ್ಕೆ ಎಂಬತ್ತು ಅಂದರೆ ಓಣಿಗೆಲ್ಲ ಪೇಡಾ ಹಂಚ್ತಾರೆ. ಹತ್ತಕ್ಕೆ ಹತ್ತು ಯಾವ ಮೇಷ್ಟ್ರೂ ಕೊಟ್ಟಿದ್ದನ್ನ ನಾನು ನೋಡಿಲ್ಲ. ಅಂಥ ಊರಲ್ಲಿ ಕೂತ್ಕೊಂಡು ಎಂಟು ಅಂದರೆ ಸೊನ್ನೆ ಅಂತ ಲೆಕ್ಕ ಹಾಕೋರಿಗೆ ಏನು ಹೇಳೋದು.

ಉಳಿದ ಟೆಕ್ನೀಷಿಯನ್‌ಗಳು ಅವತ್ತಿಂದಲೇ ಶುರು ಹಚ್ಚಿಕೊಂಡರು. ಬಾಗಿಲಲ್ಲಿ ನಿಂತ್ಕೊಂಡು, ಸಾರ್ ಫೋನ್ ಬರುತ್ತೆ, ಹತ್ತು ಅಂತ ಹೇಳಿ ಸಾರ್, ಇಲ್ಲಾಂದ್ರೆ ನನ್ನ ಕೆಲಸ ಹೋಗುತ್ತೆ ಸಾರ್ ಅಂತ ಗೋಗರೆಯೋರು. ನಾನು ಫೋನ್ ಮಾಡಿದರೆ ಪ್ರಶ್ನೆ ಮುಗಿಯೋದರೊಳಗೇ ಹತ್ತು ಹತ್ತು ಅಂತ ಅನ್ನೋರು ಜನ. ಹನುಮೇಶನಿಗೂ ಹಾಗೇ ಮಾಡೋ ಅಂತ ಬುದ್ಧಿ ಹೇಳಿದೆ.

"ಹತ್ತು ಕೊಡ್ರಿ ಅಂತ ಬೇಡೂದು ನನ್ನ ಕೈಲಿ ಆಗಂಗಿಲ್ರಿ ಅಕ್ಕಾರ," ಅಂದ. "ಕೆಲಸ ನೋಡಿ ಏನು ಕೊಡ್ತಾರೋ ಕೊಡ್ಲಿ."

ಆ ಮಾತಿಗೆ ನಾನು ಅವನನ್ನ ಚೆನ್ನಾಗಿ ಬೈದೆ. ಒಳಗೊಳಗೇ ಹೆಮ್ಮೆಯೂ ಆಯಿತು.

ಫೆಬ್ರವರಿಯಲ್ಲಿ ಅವನ ಹೆಸರಿಗೆ ಇಪ್ಪತ್ತು ಜನರ ಅಂಕ ಬಂದವು. ಹನ್ನೆರಡು ಜನ ಒಂಬತ್ತೋ ಹತ್ತೋ ಕೊಟ್ಟಿದ್ದರು. ಐದು ಜನ ಎಂಟು. ಮೂರು ಜನ ಕೆಳಗೆ, ಒಬ್ಬರದು ಆರು, ಒಬ್ಬರದು ಐದು, ಇನ್ನೊಬ್ಬರದು ಮೂರು. ನೂರಕ್ಕೆ ಅರವತ್ತರಲ್ಲಿ ಹದಿನೈದು ಕಳೆದರೆ ನಲವತ್ತೈದು. ಸರಾಸರಿ ತೆಗೆದರೆ ಹತ್ತಕ್ಕೆ ಎಂಟೂ ಚಿಲ್ಲರೆ ಬರ್ತಿತ್ತು, ಆದರೆ ಸರಾಸರಿ ಯಾರಿಗೆ ಬೇಕು. ಐವತ್ತು ದಾಟಲಿಲ್ಲ, ಪರ್ಮನೆಂಟ್ ಪಟ್ಟಿಯಲ್ಲಿ ಅವನ ಹೆಸರು ಇಲ್ಲ. ಇಪ್ಪತ್ತೇ ಜನ ಇದ್ದಾಗ ಒಬ್ಬರು ಬಾಯಿ ತಪ್ಪಿ ಹೇಳಿದರೂ ಸಾಕು, ಲೆಕ್ಕ ಐದು ಐದಾಗಿ ಜಾರುತ್ತೆ. ಅದನ್ನ ನಾನು ಶಶಿಕುಮಾರ್‌ಗೆ ಹೇಳಿದೆ. ಎಲ್ಲರಿಗೂ ಒಂದೇ ರೂಲ್ಸ್ ಮೇಡಂ ಅಂದರು.

ಕರೆ ಮಾಡಿದ್ದು ನಾನೇ ಆದರೂ ದಿನಕ್ಕೆ ತೊಂಬತ್ತು ಕರೆಯಲ್ಲಿ ಯಾರ ಹೆಸರೂ ನೆನಪಿರಲ್ಲ, ಅದಕ್ಕೆ ಮೂರು ಕೊಟ್ಟಿದ್ದು ಯಾರು ಅಂತ ಕಂಪ್ಯೂಟರಿನಲ್ಲಿ ನೋಡಿದೆ. ವಸಂತಮ್ಮ, ಬಾಗಲಗುಂಟೆ.

ನನ್ನ ಮೈಯೆಲ್ಲಾ ಉರಿದುಹೋಯಿತು. ಯಾಕೆ ಅಂದರೆ ಆ ವಸಂತಮ್ಮನ ಮನೆಯ ಸುದ್ದಿ ಇಲ್ಲದೆ ಹನುಮೇಶನ ಊಟ ಮುಗೀತಿರಲಿಲ್ಲ. ಹಳೇ ಊರಿನ ಗೌಡರ ಮನೆ, ಹೊಲ ಇದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು. ಗಂಡ ತೀರಿಕೊಂಡ ಮೇಲೆ ಆಯಮ್ಮ ಒಬ್ಬರೇ ಮೇಲಿನ ಮನೆಯಲ್ಲಿ ಇರೋದು. ಇವನು ಹೋದರೆ ಮುದ್ದೆ ಬಡಿಸದೆ ಕಳಿಸ್ತಿರಲಿಲ್ಲವಂತೆ. ಅವರ ಮನೆಯ ಬೋರ್‌ವೆಲ್ ನೀರು ಎಷ್ಟು ಗಡಸು ಅಂದರೆ ಫಿಲ್ಟರ್ ಬೇಗ ಕಟ್ಟಿಕೊಳ್ಳೋದು. ಕರೆದ ದಿನವೇ ಇವನು ಹೋಗೋನು, ಕೆಲವು ಸಲ ರಜೆ ಭಾನುವಾರವೂ. ನನ್ನ ಮಗಳಿಗೆ ಅಂತ ಅಮ್ಮಾರು ಫ್ರಾಕ್ ಕೊಡಿಸ್ಯಾರ್ರಿ ಅಂತ ಒಂದು ಸಲ ತಂದು ತೋರಿಸಿದ್ದ. ಅಂಥವರು ಮೂರು ಕೊಡ್ತಾರಾ?

ಅವನಿಗೆ ಹೇಳಿದ್ದು ನಾನೇ. ಊಟದ ಹೊತ್ತಲ್ಲಿ, ಮೆಲ್ಲಗೆ ಹೇಳಬೇಕಿತ್ತು, ಹಾಗೆ ಹೇಳಲಿಲ್ಲ. ನೋಡು ನಿನ್ನ ಅಮ್ಮಾರು ಮಾಡಿರೋ ಉಪಕಾರ ಅಂತ ಪರದೆಯನ್ನೇ ಅವನ ಕಡೆ ತಿರುಗಿಸಿದೆ. ಅವನು ಹೆಸರು ಓದಿದ, ಅಂಕ ಓದಿದ, ಪಕ್ಕದಲ್ಲಿದ್ದ ಕಾರಣವನ್ನೂ ಓದಿದ. ಕಾರಣ: ಟೆಕ್ನೀಷಿಯನ್. ಡಬ್ಬಿ ಮುಚ್ಚಿಟ್ಟ. ನನ್ನಿಂದ ಏನು ತಪ್ಪಾತು ಅಂತ ಒಂದು ಮಾತು ನನಗಽ ಹೇಳಬಹುದಿತ್ತಲ್ರಿ ಅಂದ, ಅಷ್ಟೇ. ಕಣ್ಣು ಕೆಂಪಗಾಗಿತ್ತು.

"ಆಯಮ್ಮನ ಮನೆ ಮೆಟ್ಟಿಲು ಇನ್ಮೇಲೆ ಹತ್ತಬೇಡ ನೀನು," ಅಂದೆ ನಾನು. "ಉಂಡ ಮನೇಲೇ ಹೀಗೆ ಮಾಡಿದಾರಲ್ಲ, ಫೋನ್ ಮಾಡಿದರೂ ಎತ್ತಬೇಡ."

ಮಾರ್ಚ್ ಕೊನೆಗೆ ಅವನು ಕೆಲಸ ಬಿಟ್ಟ. ಮಗಳನ್ನ ಈ ಸಲ ಇಲ್ಲೇ ಶಾಲೆಗೆ ಸೇರಿಸ್ತೀನಿ ಅಂತ ಊರಿಗೆ ಹೇಳಿಬಿಟ್ಟಿದ್ದನಂತೆ. ಪರ್ಮನೆಂಟ್ ಆಗದ ಮೇಲೆ ಆ ಮಾತು ಅಲ್ಲೇ ನಿಂತಿತು.

ಏಪ್ರಿಲ್‌ನಲ್ಲಿ ಆಫೀಸಿನ ಗೇಟಿಗೆ ಒಂದು ಹೊಸ ಫ್ಲೆಕ್ಸ್ ಕಟ್ಟಿದರು. ಗ್ರಾಹಕರ ಮಾತು ಅಂತ ದಪ್ಪ ಅಕ್ಷರ, ಐದು ನಕ್ಷತ್ರ, ಅದರ ಕೆಳಗೆ: 'ಮನೆ ಮಗನ ಥರ ಬಂದು ನೋಡ್ಕೋತಾರೆ. ನಮ್ಮನೆ ನೀರಿನ ಚಿಂತೆ ನನಗಿಲ್ಲ. ವಸಂತಮ್ಮ, ಬಾಗಲಗುಂಟೆ.' ನಾನು ಬಸ್ಸಿಳಿದು ಬಂದು ಅದರ ಮುಂದೆ ನಿಂತೇಬಿಟ್ಟೆ. ಮೇಲೆ ಹೋಗಿ ನೆಟ್‌ನಲ್ಲಿ ನಮ್ಮ ಕಂಪನಿಯ ರಿವ್ಯೂ ಪುಟ ತೆಗೆದೆ. ಫೆಬ್ರವರಿಯಲ್ಲೇ ಬರೆದಿದ್ದು, ನಾನು ಫೋನ್ ಮಾಡಿದ ವಾರವೇ. ಪೂರ್ತಿ ಬರಹದಲ್ಲಿ ಮೊದಲ ಮಾತು ಹೀಗಿತ್ತು: 'ಹನುಮೇಶ ಅನ್ನೋ ಹುಡುಗ ಮನೆ ಮಗನ ಥರ ಬಂದು ನೋಡ್ಕೋತಾನೆ.' ಫ್ಲೆಕ್ಸ್ ಮಾಡಿಸೋವಾಗ ಮೊದಲ ಮೂರು ಪದ ಕತ್ತರಿಸಿ ಬಿಸಾಕಿ, ನೋಡ್ಕೋತಾನೆ ಅನ್ನೋದನ್ನ ನೋಡ್ಕೋತಾರೆ ಮಾಡಿದ್ದರು. ಕೆಲಸ ಬಿಟ್ಟು ಹೋದವನ ಹೆಸರು ಯಾಕೆ ಅಂತ ಇರಬೇಕು.

ಆ ಕ್ಷಣದಲ್ಲಿ ನನಗೆ ಕಂಪನಿಗಿಂತ ಆ ಮುದುಕಿಯ ಮೇಲೇ ಸಿಟ್ಟು ಬಂತು. ಊರಿಗೆಲ್ಲ ಕಾಣೋ ಕಡೆ ಐದು ನಕ್ಷತ್ರ, ಫೋನಿನಲ್ಲಿ ಯಾರಿಗೂ ಕಾಣದ ಕಡೆ ಮೂರು. ಎಂಥಾ ಎರಡು ನಾಲಿಗೆ! ಆ ಭಾನುವಾರ ಚಿಕ್ಕಬಾಣಾವರದ ನಮ್ಮ ಮನೆಯಿಂದ ನೇರ ಬಾಗಲಗುಂಟೆಗೆ ಹೋದೆ. ಮುಖದ ಮೇಲೆ ಹೊಡೆದ ಹಾಗೆ ಕೇಳಿಯೇ ಬರಬೇಕು ಅಂತ.

ಬಾಗಿಲು ತೆಗೆದದ್ದು ವಸಂತಮ್ಮನೇ. ಅರವತ್ತೈದು ದಾಟಿದ ಗಟ್ಟಿ ಹೆಂಗಸು. ಕಂಪನಿಯಿಂದ ಅಂದ ತಕ್ಷಣ, ಹನುಮೇಶ ಎಲ್ಲಿ, ಮೂರು ಸಲ ಫೋನ್ ಮಾಡ್ದೆ ಎತ್ತಲಿಲ್ಲ, ಮೈ ಉಷಾರಿಲ್ವಾ ಅಂತ ಒಂದೇ ಉಸಿರಿಗೆ ಕೇಳಿದರು. ಅಡುಗೆಮನೆಯ ಮೂಲೆಯಲ್ಲಿ ನೀರಿನ ಕ್ಯಾನ್ ಇತ್ತು. ಫಿಲ್ಟರಿನ ಮೇಲೆ ಬಟ್ಟೆ ಮುಚ್ಚಿತ್ತು. ಬೇರೆಯವರು ಬಂದರೆ ಬ್ಯಾಡ ಅಂದೆ, ಅವನೇ ಬರಲಿ ಅಂತ ಅಂದರು. ನಾನು ಕೂರದೆ ನಿಂತೇ ಕೇಳಿದೆ, ಮೂರು ಯಾಕೆ ಕೊಟ್ರಿ ಅಂತ.

ಆಯಮ್ಮನಿಗೆ ಮೊದಲು ನೆನಪೇ ಆಗಲಿಲ್ಲ. ಆಮೇಲೆ, ಓ ಅದಾ ಅಂದರು. ಬಾ ಕೂತ್ಕೊ ಅಂತ ಕೈ ಹಿಡಿದು ಕೂರಿಸಿ ಹೇಳಿದ್ದಿಷ್ಟು. ಒಂಬತ್ತು ವರ್ಷದ ಹಿಂದೆ ತಂಗಿಯ ಮನೆಗೆ ಒಬ್ಬ ಬೋರ್‌ವೆಲ್‌ನವನನ್ನ ಇವರೇ ಹೇಳಿ ಕಳಿಸಿದ್ದರು, ಒಳ್ಳೆಯವನು ಅಂತ. ಅವನು ಎರಡು ಕಡೆ ಕೊರೆದು, ಎರಡೂ ಒಣಗಿದ ಮೇಲೆ ನಾಪತ್ತೆಯಾದ. ತಂಗಿಯ ಗಂಡ ಇವತ್ತಿಗೂ ಇವರ ಜೊತೆ ಮಾತಾಡಲ್ಲ, ತಂಗಿಯ ಮಗಳ ಮದುವೆಗೂ ಕರೀಲಿಲ್ಲ. ಅವತ್ತಿಂದ ಆಯಮ್ಮ ಆಣೆ ಇಟ್ಟುಕೊಂಡಿದ್ದಾರೆ. ಡಾಕ್ಟರಾಗಲಿ, ದರ್ಜಿಯಾಗಲಿ, ಫಿಲ್ಟರ್ ಕಂಪನಿಯಾಗಲಿ, ಎಷ್ಟೇ ಒಳ್ಳೇದಿದ್ದರೂ ಇನ್ನೊಬ್ಬರಿಗೆ ಹೇಳೋದಿಲ್ಲ.

"ನೀವು ಕೇಳಿದ್ದು ನೆಂಟರಿಗೆ ಯೋಳ್ತೀರಾ ಅಂತ. ಯೋಳಲ್ಲ, ಅದು ದಿಟ," ಅಂದರು. "ಆ ಹುಡ್ಗ ಎಂಗೆ ಅಂತ ಯಾರವ್ವ ಕೇಳಿದ್ರು? ಸೊನ್ನೆ ಅನ್ನಕ್ಕೆ ಬಾಯಿ ಬರಲಿಲ್ಲ. ಅವನ ಮುಖ ನೋಡಿ ಮೂರು ಅಂದೆ."

ಆರು ವರ್ಷದಿಂದ ಕಂಪನಿ ಬದಲಾಯಿಸದೆ ವರ್ಷ ವರ್ಷ ಸರ್ವೀಸ್ ಕಂಟ್ರಾಕ್ಟ್ ಮುಂದುವರಿಸಿಕೊಂಡು ಬಂದಿರೋ ಹೆಂಗಸು ನಮ್ಮ ಲೆಕ್ಕದಲ್ಲಿ ಬೈಕೊಂಡು ತಿರುಗೋರ ಸಾಲಿಗೆ ಸೇರಿದ್ದರು. ಅದೇ ತಿಂಗಳು ಹತ್ತು ಕೊಟ್ಟಿದ್ದ ಸಿದ್ದಲಿಂಗಯ್ಯ ಅನ್ನೋರು ಮುಂದಿನ ತಿಂಗಳೇ ನಮ್ಮ ಫಿಲ್ಟರ್ ಕಿತ್ತು ಬೇರೆ ಕಂಪನಿಯದು ಹಾಕಿಸಿಕೊಂಡಿದ್ದರು. ಮುಂದೆ ಹೇಳ್ತೀನಿ ಅನ್ನೋದೇ ಬೇರೆ, ಹೇಳೋದೇ ಬೇರೆ. ಹೇಳದೇ ಇರೋದಕ್ಕೆ ನೂರು ಕಾರಣ. ಕೆಲವರಿಗೆ ಹೇಳೋಕೆ ಯಾರೂ ಇರಲ್ಲ, ಕೆಲವರಿಗೆ ಕಂಪನಿಯ ಬೆಲೆ ಹಿಡಿಸಲ್ಲ, ಕೆಲವರಿಗೆ ವಸಂತಮ್ಮನ ಹಾಗೆ ತಮ್ಮ ಹೆಸರನ್ನ ಮಧ್ಯಕ್ಕೆ ಹಾಕೋಕೆ ಭಯ. ಇದೆಲ್ಲ ಆ ಒಂದು ಸಂಖ್ಯೆಯೊಳಗೆ ಸೇರಿಕೊಂಡಿರುತ್ತೆ, ಮನೆಗೆ ಬಂದು ನಲ್ಲಿ ತಿರುಗಿಸಿದವನ ಕೆಲಸ ಅದರೊಳಗೆ ಒಂದು ಚೂರು ಮಾತ್ರ.

ಮತ್ತೆ ಆ ಬರಹ? ಕೆಳಗಿನ ಬಾಡಿಗೆ ಮನೆಯ ಸ್ಫೂರ್ತಿ ಅನ್ನೋ ಹುಡುಗಿ ಕೈಲಿ ತಾನೇ ಹೇಳಿ ಬರೆಸಿದ್ದಂತೆ. ಅದು ಕೂಡ ಊರಿಗೆಲ್ಲ ಹೇಳಿದ ಹಾಗಲ್ವಾ ಅಂದೆ.

"ಓದೋರು ಯಾರೋ ಏನೋ. ಅವರೇನು ನನ್ನ ಮನೆ ಬಾಗಿಲಿಗೆ ಬಂದು ಕೇಳ್ತಾರಾ?" ಅಂದರು. "ಅವನು ಮಾಡಿದ್ದನ್ನ ಎಲ್ಲಾದ್ರೂ ಒಂದ್ಕಡೆ ಯೋಳಬೇಕು ಅನ್ನಿಸ್ತು. ಫೋನಿನಾಗೂ ಯೋಳಕ್ಕೋದೆ. ಯಾರೋ ಒಬ್ಬಳು ಮಾತು ಮುಗಿಸೋಕೂ ಬಿಡದೆ ಕಟ್ ಮಾಡಿದ್ಲು."

ಆ ಒಬ್ಬಳು ನಾನು. ಆ ಮಾತನ್ನ ಅಲ್ಲಿ ಹೇಳೋ ಧೈರ್ಯ ನನಗೆ ಬರಲಿಲ್ಲ. ಕಾಫಿ ಕುಡಿದು ಎದ್ದು ಬಂದೆ.

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಿ ಫೆಬ್ರವರಿಯ ರೆಕಾರ್ಡಿಂಗ್ ಹುಡುಕಿ ಕಿವಿಗೆ ಹಾಕಿಕೊಂಡೆ. ನಲವತ್ತೊಂದು ಸೆಕೆಂಡು. ನನ್ನ ಪ್ರಶ್ನೆ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ, ಆಮೇಲೆ ಆಯಮ್ಮನ ದನಿ: 'ಮೂರು ಹಾಕ್ಕೊಳವ್ವ. ಯಾಕೆ ಅಂದ್ರೆ ಆ ಹುಡ್ಗ...' ಅದರ ಮೇಲೆಯೇ ನನ್ನ ದನಿ: 'ಧನ್ಯವಾದಗಳು ಮೇಡಂ, ಶುಭದಿನ.' ಎಷ್ಟು ನಯವಾಗಿ ಹೇಳಿದ್ದೆ! ಕೇಳ್ತಾ ಕೇಳ್ತಾ ನನಗೆ ನನ್ನ ಮೇಲೇ ಅಸಹ್ಯ ಆಯಿತು.

ಅಂಕ ಹೇಳಿದ ಮೇಲೆ ಯಾಕೆ ಅಂತ ಎರಡನೇ ಪ್ರಶ್ನೆ ಕೇಳಲೇಬೇಕು, ನಮ್ಮ ಹಾಳೆಯಲ್ಲಿ ಹಾಗೇ ಇದೆ. ಆದರೆ ತೊಂಬತ್ತು ಕರೆ ಮುಗಿಸಬೇಕಲ್ಲ. ಯಾಕೆ ಅಂತ ಕೇಳಿದರೆ ಜನ ಕಥೆ ಶುರು ಮಾಡ್ತಾರೆ. ಅದಕ್ಕೆ ನಾವು ಫೋನ್ ಮಾಡೋ ಹುಡುಗಿಯರೆಲ್ಲ ಆ ಪ್ರಶ್ನೆಯನ್ನ ಹಾರಿಸಿಬಿಡ್ತಿದ್ವಿ. ಕಾರಣ ತುಂಬದೆ ಫಾರಂ ಮುಂದಕ್ಕೆ ಹೋಗಲ್ಲ, ಆದರೆ ಅದು ತೆರೆದಾಗಲೇ ಪಟ್ಟಿಯ ಮೊದಲನೆಯದು ತಾನಾಗಿ ಕೂತಿರುತ್ತೆ. ಎಂಟರ್ ಒತ್ತಿದರೆ ಆಯಿತು. ಪಟ್ಟಿಯಲ್ಲಿ ಮೊದಲನೆಯದು ಟೆಕ್ನೀಷಿಯನ್. ಎರಡನೆಯದು ಬೆಲೆ, ಮೂರನೆಯದು ಕಂಪನಿ, ಕೊನೆಗೆ ಇತರೆ. ಕಾರಣ ಬೇರೆ ಇದ್ದರೆ ಆ ಅಂಕ ಟೆಕ್ನೀಷಿಯನ್‌ನ ಲೆಕ್ಕಕ್ಕೆ ಹೋಗೋದೇ ಇಲ್ಲ. ವಸಂತಮ್ಮನ ಮೂರು ಇತರೆಗೆ ಹೋಗಿದ್ದರೆ ಅವನದು ಹತ್ತೊಂಬತ್ತು ಜನರ ಲೆಕ್ಕ, ಹನ್ನೆರಡರಲ್ಲಿ ಎರಡು ಕಳೆದು ಹತ್ತು. ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಿದೆ. ಐವತ್ತೆರಡೂವರೆ ದಾಟಿತು.

ಒಂದೇ ಒಂದು ಎಂಟರ್ ಒತ್ತಿದ್ದಕ್ಕೆ.

ಶಶಿಕುಮಾರ್ ಹತ್ತಿರ ಹೋಗಿ ಎಲ್ಲಾ ಹೇಳಿದೆ, ಸರಿ ಮಾಡಿ ಅಂತ ಬೇಡಿಕೊಂಡೆ. ತಿಂಗಳು ಕ್ಲೋಸ್ ಆಗಿದೆ, ಪಟ್ಟಿ ಹೆಡ್ ಆಫೀಸಿಗೆ ಹೋಗಿದೆ ಅಂದರು. ಆ ರಿವ್ಯೂನಾದರೂ ನೋಡಿ ಅಂದೆ. ಅದಕ್ಕೆ ಅವರ ಹತ್ತಿರ ಉತ್ತರ ಸಿದ್ಧವಾಗಿತ್ತು. ರಿವ್ಯೂ ಬರೆಯೋರು ಸಿಟ್ಟಲ್ಲಿ ಕುದಿಯೋರು, ಇಲ್ಲ ಖುಷಿಯಲ್ಲಿ ಕುಣಿಯೋರು, ಮಧ್ಯದೋರು ಕೂತು ಬರೆಯಲ್ಲ. ನಾವು ಫೋನ್ ಮಾಡೋದು ಅಂಥ ಸುಮ್ಮನಿರೋರಿಗೂ, ಅದಕ್ಕೇ ಅಂಕವೇ ಮುಖ್ಯ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಪ್ರಶ್ನೆ ಕಂಪನಿಯ ಬಗ್ಗೆ ಅಲ್ವಾ ಸಾರ್, ಅದರಲ್ಲಿ ಅವನನ್ನ ಯಾಕೆ ಅಳೆದ್ರಿ ಅಂತ ಕೇಳಿದೆ.

"ನನಗೂ ಗೊತ್ತು ಮೇಡಂ," ಅಂದರು ಫೈಲಿನಿಂದ ತಲೆ ಎತ್ತದೆ. "ಐದು ಜನರಲ್ಲಿ ಇಬ್ಬರನ್ನ ಆರಿಸಬೇಕಿತ್ತು. ಯಾವುದಾದರೂ ಒಂದು ಸಂಖ್ಯೆ ಬೇಕಿತ್ತು."

ಗೊತ್ತಿದ್ದೂ ಮಾಡಿದ್ದರು. ಗೇಟಿನಲ್ಲಿ ಅವನ ಹೊಗಳಿಕೆಯನ್ನ ಅವನ ಹೆಸರಿಲ್ಲದೆ ನೇತು ಹಾಕಿ, ಒಳಗೆ ಅದೇ ಹೆಂಗಸಿನ ಅಂಕ ತೋರಿಸಿ ಅವನನ್ನ ಪಟ್ಟಿಯಿಂದ ಹೊರಗಿಟ್ಟಿದ್ದರು. ಅವರನ್ನ ಬಾಯಿಗೆ ಬಂದ ಹಾಗೆ ಬೈಯಬೇಕು ಅನ್ನಿಸಿತು. ಆದರೆ ಆ ಎಂಟರ್ ಒತ್ತಿದ ಬೆರಳು ಅವರದಲ್ಲವಲ್ಲ.

ಹನುಮೇಶ ಈಗ ನಮ್ಮ ಆಫೀಸಿನಿಂದ ಎರಡು ರಸ್ತೆ ಆಚೆ ಕಬ್ಬಿಣದ ಸಾಮಾನಿಗೆ ಪುಡಿ ಬಣ್ಣ ಹಚ್ಚೋ ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಲೋಡಿಂಗ್ ಕೆಲಸ ಮಾಡ್ತಾನೆ ಅಂತ ಕೇಳಿ ತಿಳಿದುಕೊಂಡೆ. ಸಂಜೆ ಟೀ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಂತೆ. ನನ್ನ ನೋಡಿ ಅವನ ಮುಖ ಅರಳಿತು, ಓಡಿ ಬಂದು ನನಗೂ ಒಂದು ಟೀ ಹೇಳಿದ. ಹುಬ್ಬಿನ ಮೇಲೆಲ್ಲ ಬಿಳಿ ಪುಡಿ. ನಾನು ಟೀ ಕುಡಿಯೋಕೆ ಮುಂಚೆಯೇ ಎಲ್ಲಾ ಹೇಳಿದೆ. ಬೋರ್‌ವೆಲ್ ಕಥೆ, ಆಣೆ, ರಿವ್ಯೂ, ರೆಕಾರ್ಡಿಂಗ್, ಎಂಟರ್ ಒತ್ತಿದ್ದು. ಏನನ್ನೂ ಮುಚ್ಚಿಡಲಿಲ್ಲ. ಹೇಳಿಬಿಟ್ಟರೆ ಅವನು ಕ್ಷಮಿಸ್ತಾನೆ ಅಂತ ಎಲ್ಲೋ ಒಂದು ಆಸೆ ಇತ್ತು.

ಅವನು ಹುಬ್ಬಿನ ಪುಡಿ ಒರೆಸಿಕೊಂಡ.

"ನನ್ನ ಮುಖಾ ನೋಡಿ ಮೂರು ಅಂದ್ರಂತ?" ಅಂತ ಕೇಳಿದ.

ಹೂಂ ಅಂದೆ.

"ಅವರು ಮೂರು ಸಲ ಫೋನ್ ಮಾಡ್ಯಾರ್ರಿ. ನಾ ಎತ್ತಲಿಲ್ಲ." ಗ್ಲಾಸನ್ನ ಕಟ್ಟೆಯ ಮೇಲಿಟ್ಟ. "ನೀವು ಎತ್ತಬ್ಯಾಡ ಅಂದಿದ್ರಿ ಅಕ್ಕಾರ."

ಅಷ್ಟು ಹೇಳಿ ಒಳಗೆ ಹೋದ. ಟೀ ಹಾಗೇ ಇತ್ತು. ನಾನು ಶಿಫ್ಟ್ ಬಿಡೋವರೆಗೂ ಅಲ್ಲೇ ಕಾದೆ. ಅವನು ಹಿಂದಿನ ಗೇಟಿನಿಂದ ಹೋದನಂತೆ.

ಈಗ ನಾನು ಪ್ರತಿ ಕರೆಯಲ್ಲೂ ಯಾಕೆ ಅಂತ ಕೇಳ್ತೀನಿ. ಜನ ಕಥೆ ಹೇಳ್ತಾರೆ, ನಾನು ಕೇಳಿಸಿಕೊಳ್ತೀನಿ. ದಿನಕ್ಕೆ ಐವತ್ತು ಕರೆ ಆದರೆ ಹೆಚ್ಚು. ಶಶಿಕುಮಾರ್ ಎರಡು ಸಲ ವಾರ್ನಿಂಗ್ ಕೊಟ್ಟಿದ್ದಾರೆ, ಕೊಡಲಿ.

ಹೋದ ಭಾನುವಾರ ವಸಂತಮ್ಮ ಫೋನ್ ಮಾಡಿದ್ದರು. ಅವರ ಮನೆಗೆ ಹೋದಾಗ ಕೊಟ್ಟಿದ್ದ ನನ್ನ ನಂಬರ್ ಬರೆದಿಟ್ಟುಕೊಂಡಿದ್ದರಂತೆ. ದನಿಯಲ್ಲಿ ಸಂತೋಷ ತುಳುಕ್ತಿತ್ತು. ಹನುಮೇಶ ಬಂದಿದ್ದನಂತೆ, ತನ್ನ ಕೈಯಿಂದಲೇ ಫಿಲ್ಟರ್ ತಂದು ಹಾಕಿದನಂತೆ, ಕಾಲಿಗೆ ಬಿದ್ದು ಅತ್ತನಂತೆ. ಮುದ್ದೆ ಊಟ ಮಾಡಿ, ಮಗಳ ಫೋಟೋ ತೋರಿಸಿ, ಸಂಜೆವರೆಗೂ ಕೂತಿದ್ದು ಹೋದನಂತೆ. ನಾನು ತಡೆಯಲಾರದೆ, ನನ್ನ ಬಗ್ಗೆ ಏನಾದರೂ ಅಂದನಾ ಅಂತ ಕೇಳಿದೆ.

ವಸಂತಮ್ಮನ ದನಿ ಇಳಿಯಿತು.

"ನಾನೇ ನಿನ್ನ ಸುದ್ದಿ ಎತ್ತಿದೆ ಕಣಮ್ಮ," ಅಂದರು. "ಅವರ ಮಾತು ಬ್ಯಾಡ್ರಿ ಅಮ್ಮಾರ ಅಂದ."